ರಜೆಯ ಪಟ್ಟಿಯಲ್ಲಿ ಬಿಡುವಿನ ದಿನ ಎಲ್ಲಿರಬೇಕು

"ದೊಡ್ಡಪ್ಪ, ಡಿಸೆಂಬರಿನಲ್ಲಿ ಅಪ್ಪ, ಅಮ್ಮ, ಮಕ್ಕಳನ್ನೆಲ್ಲ ಕರೆದುಕೊಂಡು 9 ದಿನ ನಿಮ್ಮ ಹಾಸನ, ಚಿಕ್ಕಮಗಳೂರು ಕಡೆ ಬರುತ್ತಿದ್ದೇವೆ. ಪಟ್ಟಿ ಹಾಕಿ ಗ್ರೂಪಿಗೆ ಕಳಿಸಿದ್ದೇನೆ, ಒಂದು ದಿನವೂ ಖಾಲಿ ಇಲ್ಲ. ಎಲ್ಲಿ ಬಿಡುವು ಕೊಡಲಿ?"

ಪಟ್ಟಿ ನೋಡಿದೆ ಪುಟ್ಟಿ. ಮೊದಲ ದಿನವೇ ಬೆಂಗಳೂರಿನಿಂದ ಹೊರಟು ಶ್ರವಣಬೆಳಗೊಳದ ಬೆಟ್ಟ ಹತ್ತಿ ಹಾಸನ ಸೇರುವುದೆಂದು ಬರೆದಿದ್ದೀಯೆ. ಅದನ್ನು ಮೊದಲು ಬದಲಿಸು. ವಿಂಧ್ಯಗಿರಿಗೆ ಬಂಡೆಯಲ್ಲೇ ಕಡಿದ 600ಕ್ಕೂ ಹೆಚ್ಚು ಮೆಟ್ಟಿಲುಗಳಿವೆ, ಚಪ್ಪಲಿ ಕೆಳಗೇ ಬಿಡಬೇಕು, ನೀವು ತಲುಪುವ ಹೊತ್ತಿಗೆ ಕಲ್ಲು ಕಾದಿರುತ್ತದೆ. ಆ ದಿನ ನೇರವಾಗಿ ನಮ್ಮ ಮನೆಗೆ ಬನ್ನಿ. ಮರುದಿನ ಬೆಳಕು ಹರಿಯುವಾಗಲೇ ಹೊರಟು, ಬಿಸಿಲೇರುವ ಮೊದಲು ಗೊಮ್ಮಟನ ದರ್ಶನ ಮುಗಿಸಿ, ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದುಬಿಡಬಹುದು.

ಬಿಡುವಿನ ದಿನದ ಲೆಕ್ಕ ಶುರುವಾಗುವುದೇ ಇಲ್ಲಿಂದ. ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದೆ, ಆದರೆ ತೊಡೆ, ಮೀನಖಂಡ ಹಿಡಿದುಕೊಳ್ಳುವುದು ಹೆಚ್ಚಾಗಿ ಇಳಿದದ್ದರಿಂದ. ಪ್ರತಿ ಮೆಟ್ಟಿಲಿಗೂ ಮೈಭಾರವನ್ನು ತಡೆಹಿಡಿಯುತ್ತಲೇ ಸ್ನಾಯುಗಳು ಹಿಗ್ಗಬೇಕಾಗುತ್ತದೆ. ಆ ನೋವು ಅಂದೇ ಕಾಣಿಸಿಕೊಳ್ಳುವುದಿಲ್ಲ. ಮರುದಿನ ಶುರುವಾಗಿ, ಸಾಮಾನ್ಯವಾಗಿ ಎರಡನೆಯ ದಿನದ ಹೊತ್ತಿಗೆ ಜೋರಾಗುತ್ತದೆ. ಆದ್ದರಿಂದ ಬೆಟ್ಟದ ಮರುದಿನ ಸಮತಟ್ಟು ಜಾಗದ ಅರ್ಧ ದಿನದ ಕೆಲಸವಿಟ್ಟುಕೊಂಡು, ಅದರ ಮರುದಿನವನ್ನು ಪೂರ್ತಿ ಖಾಲಿ ಬಿಡುವುದು ಸರಿ. ನೀನು ಎರಡು ದಿನದ ಅಂತರದಲ್ಲೇ ಮುಳ್ಳಯ್ಯನಗಿರಿಯ ಮೆಟ್ಟಿಲುಗಳನ್ನೂ ಹಾಕಿದ್ದೀಯೆ. ಹಾಗೆ ಹೋದರೆ ನಿಮ್ಮಮ್ಮ "ನಾನು ವ್ಯಾನಿನಲ್ಲೇ ಕೂತಿರುತ್ತೇನೆ, ನೀವು ನೋಡಿಕೊಂಡು ಬನ್ನಿ" ಎನ್ನುತ್ತಾರೆ. ದೊಡ್ಡವರು ಈ ಮಾತು ಆಡಿದರೆಂದರೆ ಬಿಡುವು ಕೊಡುವುದು ಆಗಲೇ ಒಂದು ದಿನ ತಡವಾಗಿದೆ ಎಂದು ತಿಳಿ.

ಹೀಗೆ ಮಾಡಿ ನೋಡು. ಮೂರನೆಯ ದಿನ ಹಾಸನದಿಂದ ಹೊರಟು ಹಳೇಬೀಡನ್ನು ಮಾತ್ರ ನೋಡಿ ಚಿಕ್ಕಮಗಳೂರು ಸೇರಿ. ಬೇಲೂರು ಅಲ್ಲಿಂದ 16 ಕಿಲೋಮೀಟರ್ ಅಷ್ಟೇ ಎಂದು ಎಲ್ಲರೂ ಎರಡನ್ನೂ ಒಂದೇ ದಿನಕ್ಕೆ ಸೇರಿಸುತ್ತಾರೆ, ಆದರೆ ಹೊಯ್ಸಳೇಶ್ವರನ ಹೊರಗೋಡೆಯ ಆನೆಸಾಲಿನಿಂದ ಮೇಲಿನ ವಿಗ್ರಹಗಳವರೆಗೆ ಕಣ್ಣಿಟ್ಟು ನೋಡಿದವರಿಗೆ ಬೇಲೂರಿನ ಮದನಿಕೆಯರನ್ನು ನೋಡುವ ತಾಳ್ಮೆ ಉಳಿದಿರುವುದಿಲ್ಲ. ಬೇಲೂರನ್ನು ಆರನೆಯ ದಿನ ಸಕಲೇಶಪುರಕ್ಕೆ ಹೋಗುವಾಗ ನೋಡಿ, ಹೇಗೂ ದಾರಿಯಲ್ಲೇ ಸಿಗುತ್ತದೆ. ನಾಲ್ಕನೆಯ ದಿನ ತೋಟದ ಹೋಂಸ್ಟೇಯಲ್ಲಿ ಬಿಡುವು. ಆಗ ಅರೇಬಿಕಾ ಕೊಯ್ಲಿನ ಕಾಲ, ಕಣದಲ್ಲಿ ಕಾಫಿ ಹರವಿರುತ್ತಾರೆ, ಮಕ್ಕಳಿಗೆ ಹೊತ್ತು ಹೋಗಲು ಅಷ್ಟು ಸಾಕು. ಐದನೆಯ ದಿನ ಮುಳ್ಳಯ್ಯನಗಿರಿ, ಬೆಳಗ್ಗೆ ಬೇಗ. ಏಳನೆಯ ದಿನ ಮಂಜರಾಬಾದ್ ಕೋಟೆ. ಎಂಟನೆಯ ದಿನ ಮತ್ತೆ ಖಾಲಿ, ಒಂಬತ್ತಕ್ಕೆ ಊರಿಗೆ.

ಇದರಲ್ಲಿ ಶೃಂಗೇರಿ, ಹೊರನಾಡು, ಕೆಮ್ಮಣ್ಣುಗುಂಡಿ ಇಲ್ಲ ಎಂದು ನಿಮ್ಮಪ್ಪ ಬೇಸರ ಮಾಡಿಕೊಳ್ಳಬಹುದು. ತಮ್ಮಾ, ನೀನೂ ಕೇಳಿಸಿಕೊಳ್ಳುತ್ತಿದ್ದರೆ ಹೇಳುತ್ತೇನೆ: ಹೊರನಾಡಿನ ತಿರುವುಗಳಲ್ಲಿ ಮಕ್ಕಳು ವಾಂತಿ ಮಾಡಿಕೊಂಡು, ದರ್ಶನದ ಸಾಲಿನಲ್ಲಿ ನಿಂತು, ಅದೇ ತಿರುವುಗಳಲ್ಲಿ ವಾಪಸಾಗುವುದಕ್ಕಿಂತ, ಶೃಂಗೇರಿ ಹೊರನಾಡುಗಳೆರಡಕ್ಕೇ ಎಂದು ಇನ್ನೊಮ್ಮೆ ಬರುವುದು ಮೇಲು.

ಕೊಠಡಿ ಕಾದಿರಿಸುವಾಗ ರಾತ್ರಿಗಳನ್ನು ಎಣಿಸು. ಒಂದು ಜಾಗದಲ್ಲಿ ಎರಡು ರಾತ್ರಿ ಎಂದರೆ ಕೈಗೆ ಸಿಗುವುದು ಒಂದೇ ಪೂರ್ತಿ ದಿನ, ಅದು ನೋಡುವುದಕ್ಕೇ ಹೋಗುತ್ತದೆ. ನೋಡುವುದಕ್ಕೊಂದು, ಸುಮ್ಮನಿರುವುದಕ್ಕೊಂದು ದಿನ ಬೇಕಾದರೆ ಮೂರು ರಾತ್ರಿ ಬೇಕು. ಅದಕ್ಕೇ ಚಿಕ್ಕಮಗಳೂರಿಗೂ ಸಕಲೇಶಪುರಕ್ಕೂ ಮೂರು ಮೂರು ರಾತ್ರಿ ಇಟ್ಟಿದ್ದೇನೆ. ಊರು ಬದಲಿಸುವ ದಿನವನ್ನು ಬಿಡುವು ಎಂದು ಲೆಕ್ಕ ಹಾಕಬೇಡ; ಬೆಳಗ್ಗೆ ಬ್ಯಾಗು ಕಟ್ಟಿ, ರೂಮು ಖಾಲಿ ಮಾಡಿ, ಮಧ್ಯಾಹ್ನ ಹೊಸ ರೂಮಿಗಾಗಿ ಕಾಯುವುದರಲ್ಲೇ ಅದು ಮುಗಿಯುತ್ತದೆ.

ಇನ್ನು ವ್ಯಾನಿನ ವಿಷಯ. ಗಾಡಿ ನಿಂತಿದ್ದರೂ ದಿನಕ್ಕೆ ಇಷ್ಟು ಕಿಲೋಮೀಟರ್ ಎಂಬ ಕನಿಷ್ಠ ಬಾಡಿಗೆ, ಡ್ರೈವರ್ ಬಾಟಾ ಎರಡನ್ನೂ ಕೊಡಬೇಕಾಗುತ್ತದೆ. ದುಡ್ಡು ಕೊಟ್ಟಾಗಿದೆ ಎಂಬ ಒಂದೇ ಕಾರಣಕ್ಕೆ ಖಾಲಿ ದಿನ ಮಧ್ಯಾಹ್ನ ಯಾರಾದರೂ "ಬಾಬಾಬುಡನ್‌ಗಿರಿಗಾದರೂ ಹೋಗಿಬರೋಣ" ಎಂದು ಏಳುತ್ತಾರೆ. ಅದರ ಬದಲು ನಮ್ಮ ಮನೆಯವರೆಗೆ ಬಸ್ಸಿನಲ್ಲಿ ಬನ್ನಿ, ನೋಡುವ ದಿನಗಳಿಗೆ ಮಾತ್ರ ಇಲ್ಲಿಯ ಟ್ಯಾಕ್ಸಿ ಗೊತ್ತುಮಾಡೋಣ. ಎಷ್ಟು ಜನ ಎಂದು ತಿಳಿಸಿದರೆ ನಾಳೆಯೇ ಸ್ಟ್ಯಾಂಡಿಗೆ ಹೋಗಿ ದರ ಕೇಳಿಕೊಂಡು ಬರುತ್ತೇನೆ.