N2O ಚುಕ್ಕೆ ಚಿತ್ರ: ನಡುವೆ ಯಾರು ಕೂರಬೇಕು?

ಪಿಯುಸಿ ವಿದ್ಯಾರ್ಥಿನಿ: ಸರ್, N2O ಗೆ N=O=N ಅಂತ ಬರೆದೆ. ಒಟ್ಟು 16 ಎಲೆಕ್ಟ್ರಾನ್ ಸರಿಯಾಗಿದೆ, ಮೂರಕ್ಕೂ ಎಂಟೆಂಟು ಇದೆ. ಆದರೂ ಟೆಸ್ಟಲ್ಲಿ ಸೊನ್ನೆ ಕೊಟ್ಟರು. ಯಾಕೆ?

ಕೆಮಿಸ್ಟ್ರಿ ಲೆಕ್ಚರರ್: ನೋಡಮ್ಮಾ, 5+5+6, ಹದಿನಾರು ಸರಿ. ಎಂಟರ ಲೆಕ್ಕವೂ ಸರಿ. ಫಾರ್ಮಲ್ ಚಾರ್ಜ್ ನೋಡಿಲ್ಲ, ಅಷ್ಟೇ. ಒಂದು ಪರಮಾಣುವಿನ ಮೇಲಿರುವ ಚುಕ್ಕೆಗಳನ್ನು ಎಣಿಸು. ಅದಕ್ಕೆ ತಾಗಿದ ಪ್ರತಿ ಗೆರೆಗೂ ಒಂದೊಂದು ಸೇರಿಸು. ಬಂದದ್ದನ್ನು ಅದರ ವೇಲೆನ್ಸ್ ಎಲೆಕ್ಟ್ರಾನ್‌ಗಳಿಂದ ಕಳೆ.

ನಿನ್ನ ನಡುವಿನ ಆಕ್ಸಿಜನ್‌ಗೆ ಚುಕ್ಕೆ ಇಲ್ಲ, ಗೆರೆ ನಾಲ್ಕು. 6−4 = +2. ಎರಡೂ ತುದಿಯ ನೈಟ್ರೋಜನ್‌ಗೆ 5−6 = −1. ಕೂಡಿದರೆ ಸೊನ್ನೆಯೇ ಬರುತ್ತೆ, ಅದಕ್ಕೇ ನಿನಗೆ ಅನುಮಾನ ಬಂದಿಲ್ಲ. ಆದರೆ ಎಲೆಕ್ಟ್ರಾನ್ ಎಳೆದುಕೊಳ್ಳುವುದರಲ್ಲಿ ಮುಂದಿರುವ ಆಕ್ಸಿಜನ್ನೇ ಎರಡು ಕಳೆದುಕೊಂಡು ಕೂತಿದೆ ಅಂದರೆ ನಂಬೋಕಾಗಲ್ಲ.

ಈಗ ನಡುವೆ ನೈಟ್ರೋಜನ್ ಇಡು:

```
N=N=O    −1  +1   0
N≡N–O     0  +1  −1
```

ಎರಡನೆಯದರಲ್ಲಿ ಮೈನಸ್ ಆಕ್ಸಿಜನ್ ಮೇಲಿದೆ, ಅದಕ್ಕೇ ತೂಕ ಜಾಸ್ತಿ. ಹಾಗಂತ ಮೊದಲನೆಯದನ್ನು ಬಿಸಾಡಬೇಡ. ಅಳತೆ ಮಾಡಿದರೆ N–N ದೂರ 1.13 Å. N2 ದಲ್ಲಿರುವ ಮೂರುಗೆರೆ ಬಂಧ 1.10, ಹಾಗಾಗಿ ಇದು ಅದರ ಹತ್ತಿರವೇ. ಆದರೆ N–O ದೂರ 1.18 ಮಾತ್ರ. ಒಂಟಿ ಗೆರೆಗೆ ಅದು ತುಂಬಾ ಚಿಕ್ಕದು.

ಟ್ಯೂಷನ್ ಹೇಳುವವರು: ನಾನು ಮಕ್ಕಳಿಗೆ ಹೇಳೋದು, ಎಲ್ಲದಕ್ಕೂ ಸೊನ್ನೆ ಬರೋವರೆಗೆ ಬಿಡಬೇಡಿ ಅಂತ.

ಕೆಮಿಸ್ಟ್ರಿ ಲೆಕ್ಚರರ್: CO2 ಗೆ ಅದು ನಡೆಯುತ್ತೆ ಸರ್. ಇಲ್ಲಿ ನಡೆಯಲ್ಲ. ನಡುವಿನ ನೈಟ್ರೋಜನ್‌ಗೆ ಎಂಟು ತುಂಬಲು ನಾಲ್ಕು ಗೆರೆ ಬೇಕು, ಆಗ ಅದು +1 ಆಗೇ ಆಗುತ್ತೆ. ಸೊನ್ನೆ ಮಾಡಲು ಹೋದ ಹುಡುಗರು ಅದರ ಮೇಲೆ ಐದನೇ ಗೆರೆ ಎಳೆದಿರುತ್ತಾರೆ. ಪೇಪರ್ ತಿದ್ದುವಾಗ ಪ್ರತಿ ವರ್ಷ ಸಿಗುತ್ತೆ!

ಡಿಗ್ರಿ ವಿದ್ಯಾರ್ಥಿ: ಆದರೆ N2O ದಲ್ಲಿ ನೈಟ್ರೋಜನ್ +1 ಅಲ್ವಾ? ಎರಡಕ್ಕೂ?

ಕೆಮಿಸ್ಟ್ರಿ ಲೆಕ್ಚರರ್: ಅದು ಆಕ್ಸಿಡೇಷನ್ ನಂಬರ್, ಅದೂ ಸರಾಸರಿ. ಅಲ್ಲಿ ಬಂಧದ ಜೋಡಿಯನ್ನು ಪೂರ್ತಿ ಜೋರಾಗಿ ಎಳೆಯುವವರಿಗೇ ಕೊಡುತ್ತೇವೆ. ಇಲ್ಲಿ ಇಬ್ಬರಿಗೂ ಅರ್ಧರ್ಧ ಹಂಚುತ್ತೇವೆ. ಲೆಕ್ಕ ಬೇರೆ.

ಟ್ಯೂಷನ್ ಹೇಳುವವರು: ಸರಿ, ಹಾಗಾದ್ರೆ ಸಲ್ಫೇಟ್? ಎರಡು ಜೋಡಿಗೆರೆ ಹಾಕಿದರೆ ಸಲ್ಫರ್ ಸೊನ್ನೆ. ಎಲ್ಲ ಒಂಟಿ ಗೆರೆ ಹಾಕಿದರೆ +2. ಯಾವುದು ಬರೆಸಲಿ?

ಕೆಮಿಸ್ಟ್ರಿ ಲೆಕ್ಚರರ್: ಎರಡರಲ್ಲೂ 32 ಎಲೆಕ್ಟ್ರಾನ್ ಹೊಂದುತ್ತೆ, ಅಯಾನಿನ ಮೈನಸ್ ಎರಡೂ ಸೇರಿ. ಪುಸ್ತಕಗಳಲ್ಲಿ ಜೋಡಿಗೆರೆಯೇ ಜಾಸ್ತಿ. ಕಂಪ್ಯೂಟರ್ ಲೆಕ್ಕಗಳು ಸಲ್ಫರ್‌ನ ಡಿ ಆರ್ಬಿಟಲ್‌ಗಳಿಗೆ ಅಷ್ಟು ಪಾತ್ರ ಕೊಡಲ್ಲ, ಹಾಗಾಗಿ ನನಗೆ ಒಂಟಿ ಗೆರೆಯೇ ಇಷ್ಟ. ಇದರ ಬಗ್ಗೆ ಸ್ಟಾಫ್ ರೂಮಲ್ಲೂ ಜಗಳ ಇದೆ. ಪರೀಕ್ಷೆಗೆ ನಿಮ್ಮ ಪುಸ್ತಕದಲ್ಲಿ ಇದ್ದಂತೆ ಬರೆಸಿ.

ಪಿಯುಸಿ ವಿದ್ಯಾರ್ಥಿನಿ: ಸರ್, N≡N–O ಬರೆದು ಪಕ್ಕದಲ್ಲಿ N=N=O ನೂ ಬರೆದರೆ ಪೂರ್ತಿ ಮಾರ್ಕ್ಸ್ ಸಿಗುತ್ತಾ?

ಕೆಮಿಸ್ಟ್ರಿ ಲೆಕ್ಚರರ್: ನಡುವೆ ಎರಡು ತುದಿ ಬಾಣ ಹಾಕು, ಒಂಟಿ ಜೋಡಿಗಳ ಚುಕ್ಕೆ ಮರೀಬೇಡ. ನಾನಾದರೆ ಕೊಡ್ತೀನಿ.