ಎಲ್ಲರೂ "ರೇಟ್ ಜಾಸ್ತಿ" ಅಂತಾರೆ, ಆದರೆ ಹೋಗಿದ್ದು ನಮಗಿಂತ ದುಬಾರಿ ಪ್ಯಾಕೆಟ್‌ಗೆ. ಇಂಟರ್‌ವ್ಯೂ ಹೇಗೆ ಓದೋದು?

ರಾಗಿಮನೆ_ತುಮಕೂರು:
ನಮಸ್ಕಾರ. ತುಮಕೂರಿನಲ್ಲಿ ನಮ್ಮದು ಚಿಕ್ಕ ಯೂನಿಟ್. ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಮಾಲ್ಟ್ ಪುಡಿ ಮಾಡಿ ಮಾರುತ್ತೇವೆ. ಅರ್ಧ ಕೆಜಿಗೆ 140 ರೂಪಾಯಿ. ಮಳೆಗಾಲದಿಂದ ಈಚೆಗೆ ಎಸ್.ಎಸ್. ಪುರಂ, ಅಶೋಕ ನಗರ ಕಡೆ ಹಳೇ ಗಿರಾಕಿಗಳು ಇನ್ನೊಂದು ಕಂಪನಿಯ ಪ್ಯಾಕೆಟ್‌ಗೆ ಹೋಗುತ್ತಿದ್ದಾರೆ. ಅದರ ಬೆಲೆ 165.

ಗಿರಾಕಿ ಒಂದು ವಸ್ತುವನ್ನು ತನ್ನ ಯಾವ ಕೆಲಸ ಆಗಲಿ ಅಂತ ಕೊಳ್ಳುತ್ತಾನೆ ಅಂತ ಹುಡುಕುವ ಜಾಬ್ಸ್ ಟು ಬಿ ಡನ್ ಪದ್ಧತಿಯಲ್ಲಿ ನೋಡೋಣ ಅಂತ ಬಿಟ್ಟು ಹೋದವರನ್ನು ಮಾತಾಡಿಸಿದೆ. ಹಳೇದರಿಂದ ತಳ್ಳುವ ಪುಶ್, ಹೊಸದರ ಕಡೆ ಎಳೆಯುವ ಪುಲ್, ಹೊಸದರ ಬಗ್ಗೆ ಆತಂಕ, ಹಳೇದರ ಅಭ್ಯಾಸ ಅಂತ ನಾಲ್ಕು ಕಾಲಂ ಹಾಕಿ ತುಂಬಿಸಿದೆ. ಪುಶ್ ಕಾಲಂ ತುಂಬಾ "ರೇಟ್ ಜಾಸ್ತಿ". ಪುಲ್ ಕಾಲಂನಲ್ಲಿ "ಚೆನ್ನಾಗಿದೆ", "ಮಗು ಕುಡಿಯುತ್ತೆ". ಪಾಲುದಾರರು 15 ರೂಪಾಯಿ ಇಳಿಸೋಣ ಅಂತಿದ್ದಾರೆ. 165 ಕೊಡುವವರಿಗೆ 140 ಹೇಗೆ ಜಾಸ್ತಿ ಆಗುತ್ತೆ? ಎಲ್ಲಿ ಎಡವುತ್ತಿದೆ?

ನಂದಿಬೆಟ್ಟದ_ಬುಡ:
ಇದು ಈ ಪದ್ಧತಿಯವರು ಹೇಳೋ ಆ ಮಿಲ್ಕ್‌ಶೇಕ್ ಕತೆ ಥರಾನೇ ಅಲ್ವಾ? ಬೆಳಿಗ್ಗೆ ಕಾರಲ್ಲಿ ಹೋಗೋರು ದಾರಿಯಲ್ಲಿ ಹೊಟ್ಟೆ ತುಂಬೋಕೆ, ಬೇಜಾರು ಕಳೆಯೋಕೆ ಮಿಲ್ಕ್‌ಶೇಕ್ ತಗೋತಿದ್ರು. ನಿಮ್ಮ ಜಾಬ್ "ಬೇಗ ತಿಂಡಿ". ಗೂಗಲ್ ಫಾರ್ಮ್ ಒಂದು ಮಾಡಿ ಎಲ್ಲರಿಗೂ ವಾಟ್ಸಾಪ್‌ನಲ್ಲಿ ಕಳಿಸಿ, "ಯಾವ ಕೆಲಸಕ್ಕೆ ಕೊಳ್ಳುತ್ತೀರಿ" ಅಂತ ಕೇಳಿ. ಜಾಸ್ತಿ ಓಟು ಬಿದ್ದಿದ್ದೇ ಉತ್ತರ.

ಹಳೇ_ಸೇಲ್ಸ್‌ಮ್ಯಾನ್:
ಬೆಳಗಿನ ಹೊತ್ತು ಅನ್ನೋ ಊಹೆ ಸರಿ ಇರಬಹುದು. ಫಾರ್ಮ್ ಬೇಡ. ಕೊಳ್ಳುವವರಿಗೆ ತಮ್ಮ ಕಾರಣ ಹೆಸರಿಟ್ಟು ಹೇಳೋಕೆ ಬರಲ್ಲ. ಕೇಳಿದರೆ ಒಂದು ಕಾರಣ ಕಟ್ಟಿ ಕೊಡ್ತಾರೆ. ಅದರಲ್ಲೂ ಮಾಲೀಕರೇ ಬಂದು "ಯಾಕೆ ಬಿಟ್ರಿ" ಅಂದ್ರೆ "ರೇಟ್ ಜಾಸ್ತಿ" ಅನ್ನೋದು ಮರ್ಯಾದೆಯ ಉತ್ತರ. ಅದರಲ್ಲಿ ಯಾರ ಮನಸ್ಸೂ ನೋಯಲ್ಲ.

ತುಮಕೂರಿನವರೇ, ನಿಮ್ಮ ಕಾಲಂಗಳಲ್ಲಿ ಇರೋದು ಅಭಿಪ್ರಾಯ. ನಡೆದ ಸಂಗತಿ ಒಂದೂ ಇಲ್ಲ. "ಯಾಕೆ" ಬಿಟ್ಟು ಆ ದಿನಕ್ಕೆ ಹೋಗಿ. ಹೊಸ ಪ್ಯಾಕೆಟ್ ಮೊದಲು ತಂದಿದ್ದು ಯಾವ ಅಂಗಡಿಯಲ್ಲಿ, ಜೊತೆಗೆ ಯಾರಿದ್ದರು, ಎಷ್ಟು ಗ್ರಾಂ ತಗೊಂಡ್ರು? ಆ ದಿನ ಮನೆಯಲ್ಲಿ ನಿಮ್ಮ ಪ್ಯಾಕೆಟ್ ಖಾಲಿ ಆಗಿತ್ತಾ, ಇನ್ನೂ ಇತ್ತಾ? ಇದನ್ನು ತಪ್ಪದೆ ಕೇಳಿ. ಖಾಲಿ ಆದ ಮೇಲೆ ಬದಲಾಯಿಸಿದವರೂ ಅರ್ಧ ಇರುವಾಗಲೇ ಬದಲಾಯಿಸಿದವರೂ ಒಂದೇ ಅಲ್ಲ. ಅಲ್ಲಿಂದ ಹಿಂದಕ್ಕೆ ಹೋಗಿ, "ಬೇರೆ ನೋಡಬೇಕು" ಅಂತ ಮೊದಲು ಅನ್ನಿಸಿದ್ದು ಯಾವಾಗ ಅಂತ ಕೇಳಿ. ಈಚೆಗೆ ಬದಲಾಯಿಸಿದವರನ್ನೇ ಹಿಡಿಯಿರಿ. ಆರು ತಿಂಗಳಾಗಿದ್ದರೆ ನೆನಪಿನ ಜಾಗದಲ್ಲಿ ಕತೆ ಕೂತಿರುತ್ತೆ.

ಬಂಗಾರಪೇಟೆ_ಹುಡುಗ:
ನಮ್ಮದೂ ಇದೇ ಗೋಳು ಸಾರ್. ಪಶು ಆಹಾರದ ಅಂಗಡಿ. ರೈತರೆಲ್ಲ ಎದುರು ಅಂಗಡಿಗೆ ಹೋದ್ರು. ಅವನು ಸಾಲ ಕೊಡ್ತಾನೆ, ನಾನು ಕೊಡಲ್ಲ. ನೀವೂ ಅಂಗಡಿಯವರಿಗೆ ಸಾಲ ಕೊಟ್ಟು ನೋಡಿ.

ಹಳೇ_ಸೇಲ್ಸ್‌ಮ್ಯಾನ್:
ಬಂಗಾರಪೇಟೆಯವರೇ, ಸಾಲ ಅವರು ಮೊದಲಿಂದಲೂ ಕೊಡ್ತಿದ್ರಾ? ಹಾಗಿದ್ರೆ ರೈತರು ಈಗ ಯಾಕೆ ಎದ್ದು ಹೋದ್ರು? ಡೇರಿಯಲ್ಲಿ ಫ್ಯಾಟ್ ಕಡಿಮೆ ಬಂದು ಹಾಲಿನ ದುಡ್ಡು ಕಡಿತ ಆದ ವಾರ ಯಾವುದು ಅಂತ ಒಮ್ಮೆ ಕೇಳಿ ನೋಡಿ. ನಿಮ್ಮದು ಬೇರೆ ಚರ್ಚೆ ತೆಗೆಯಿರಿ, ಬರ್ತೀನಿ.

ರಾಗಿಮನೆ_ತುಮಕೂರು:
ಎಸ್.ಎಸ್. ಪುರಂನ ಒಬ್ಬರನ್ನು ಮತ್ತೆ ಮಾತಾಡಿಸಿದೆ. ಈ ಸಲ ನಮ್ಮಕ್ಕನ್ನ ಕಳಿಸಿದ್ದೆ. ಹೆಸರು ಬಿಟ್ಟು ಹಾಕುತ್ತಿದ್ದೇನೆ:

— ಆ ದಿನ ಮನೆಯಲ್ಲಿ ಹಳೇ ಪ್ಯಾಕೆಟ್ ಇತ್ತಾ ಅಕ್ಕಾ?
— ಇತ್ತು. ಅರ್ಧಕ್ಕಿಂತ ಜಾಸ್ತಿನೇ ಇತ್ತು.
— ಇದ್ರೂ ಬೇರೆ ತಂದ್ರಲ್ಲ?
— ನಮ್ಮ ಅತ್ತೆ ಜೂನ್‌ನಲ್ಲಿ ಗುಬ್ಬಿಗೆ ಹೋದ್ರು, ನಾದಿನಿ ಬಾಣಂತನಕ್ಕೆ. ನಾನು ಏಳಕ್ಕೆ ಬಸ್ ಹಿಡಿಬೇಕು. ಮಾಲ್ಟ್ ಕಲಸೋದು ನಮ್ಮೆಜಮಾನ್ರ ಪಾಲಿಗೆ ಬಂತು. ಅವರು ಬಿಸಿ ಹಾಲಿಗೆ ಸುಮ್ನೆ ಪುಡಿ ಸುರಿತಾರೆ. ಬರೀ ಗಂಟು. ಮಗಳು ಲೋಟ ಹಾಗೇ ಬಿಟ್ಟು ವ್ಯಾನ್ ಹತ್ತಿದಳು.
— ಹೊಸದು ಎಷ್ಟು ತಂದ್ರಿ?
— ಚಿಕ್ಕದು, 200 ಗ್ರಾಂ. ಅದರಲ್ಲಿ ಸಕ್ಕರೆ ಹಾಕ್ತಾರೇನೋ ಅಂತ ಭಯ ಇತ್ತು.
— ಹಳೇದು ಏನ್ಮಾಡಿದ್ರಿ?
— ಹುಳ ಬಿತ್ತು, ಎಸೆದೆ. ಅಷ್ಟು ದುಡ್ಡು ಕೊಟ್ಟಿದ್ದು ದಂಡ.

ನಂತರ ಇನ್ನೊಂದಿಬ್ಬರ ಹತ್ತಿರ ಹೋದೆವು. ಒಬ್ಬರದು ಇದೇ ಥರ. ಇನ್ನೊಬ್ಬರು ಹೇಳಿದ್ದು ಇಷ್ಟೇ: "ಅಂಗಡಿಯಲ್ಲಿ ನಿಮ್ಮದು ಇರಲಿಲ್ಲ, ಇದನ್ನು ಕೊಟ್ರು."

ಹಳೇ_ಸೇಲ್ಸ್‌ಮ್ಯಾನ್:
ಈಗ ಮಾಲು ಸಿಕ್ಕಿತು. "ರೇಟ್ ಜಾಸ್ತಿ" ಎಲ್ಲಿಂದ ಬಂತು ನೋಡಿ. ಎಸೆದ ಅರ್ಧ ಪ್ಯಾಕೆಟ್‌ನ ಸಿಟ್ಟು ಅದು. ಅವರು ತಳ್ಳಿಸಿಕೊಂಡಿದ್ದು ಬೆಲೆಯಿಂದ ಅಲ್ಲ. ಮಾಡುವ ಕೈ ಬದಲಾಯಿತು. ಅತ್ತೆ ಇದ್ದಷ್ಟು ದಿನ ನಿಮ್ಮ ಪುಡಿಯ ದೋಷವನ್ನು ಅವರ ಕೈ ಮುಚ್ಚಿಟ್ಟಿತ್ತು, ಅಭ್ಯಾಸದ ಬಲ ಅಂದರೆ ಅದೇ. ಅವರು ಊರಿಗೆ ಹೋದ ದಿನವೇ ಅದು ಕಳಚಿಕೊಂಡಿತು. ಅಲ್ಲಿಗೆ ಕೆಲಸ "ಬೇಗ ತಿಂಡಿ" ಅಷ್ಟೇ ಅಲ್ಲ. ನಾನು ಮನೆಯಲ್ಲಿ ಇಲ್ಲದಾಗಲೂ ಯಾರೇ ಕಲಸಿಕೊಟ್ಟರೂ ಮಗು ಕುಡಿದು ಹೋಗಬೇಕು, ಇದು ಆಕೆ ಆ ಪ್ಯಾಕೆಟ್‌ಗೆ ಒಪ್ಪಿಸಿದ ಕೆಲಸ.

200 ಗ್ರಾಂ ಅನ್ನೋದನ್ನು ಬಿಡಬೇಡಿ. ಆತಂಕ ಬಾಯಲ್ಲಿ ಬರೋದಕ್ಕಿಂತ ಮೊದಲು ಕೊಂಡ ಅಳತೆಯಲ್ಲಿ ಕಾಣುತ್ತೆ.

ಅಂಗಡಿಯಲ್ಲಿ ಸಿಗದೆ ಬೇರೆ ತಗೊಂಡವರನ್ನು ಬೇರೆ ಹಾಳೆಗೆ ಹಾಕಿ. ಅದು ಸರಬರಾಜಿನ ತೊಂದರೆ. ಇದರ ಜೊತೆ ಕಲಸಿದರೆ ಎರಡೂ ಕೆಡುತ್ತವೆ.

ನಂದಿಬೆಟ್ಟದ_ಬುಡ:
ಹಾಗಾದ್ರೆ ಸುಲಭ. ಅವರ ಥರಾನೇ ಸಕ್ಕರೆ, ಹಾಲಿನ ಪುಡಿ ಹಾಕಿ ಕಲಸಿದ ಮಿಕ್ಸ್ ಮಾಡಿ. ಇಲ್ಲಾಂದ್ರೆ ಸಣ್ಣ ಜರಡಿ ಹಿಡೀರಿ.

ಹಳೇ_ಸೇಲ್ಸ್‌ಮ್ಯಾನ್:
ಸಕ್ಕರೆ ಭಯ ಆಕೆಯನ್ನು ನಿಮ್ಮ ಕಡೆ ಎಳೆಯುತ್ತಿದ್ದ ಒಂದೇ ದಾರ. ಅದನ್ನು ನೀವೇ ಯಾಕೆ ಕತ್ತರಿಸ್ತೀರಿ? ಜರಡಿಯಿಂದಲೂ ಪೂರ್ತಿ ಹೋಗಲ್ಲ. ಬಿಸಿ ಹಾಲಿಗೆ ಬಿದ್ದ ಪುಡಿಯ ಹೊರಗಿನ ಹಿಟ್ಟು ತಕ್ಷಣ ಬೆಂದು ಅಂಟಾಗುತ್ತೆ, ಒಳಗೆ ನೀರು ಹೋಗಲ್ಲ. ಗಂಟು ಆಗೋದು ಹಾಗೆ. ಮೊದಲು ತಣ್ಣೀರಲ್ಲಿ ಕಲಸಿದರೆ ಗಂಟು ಆಗಲ್ಲ, ಅತ್ತೆಗೆ ಅದು ಗೊತ್ತಿತ್ತು. ನಿಮ್ಮ ಪ್ಯಾಕೆಟ್ ಮೇಲೆ ಅದು ಎಲ್ಲಿದೆ?

ರಾಗಿಮನೆ_ತುಮಕೂರು:
ಹಿಂದುಗಡೆ, ಎಫ್.ಎಸ್.ಎಸ್.ಎ.ಐ. ನಂಬರ್ ಪಕ್ಕ, ಸಣ್ಣ ಅಕ್ಷರದಲ್ಲಿ.

ಹಳೇ_ಸೇಲ್ಸ್‌ಮ್ಯಾನ್:
ಮುಂದುಗಡೆ ದೊಡ್ಡದಾಗಿ ಸ್ಟಿಕ್ಕರ್ ಹಾಕಿ, 200 ಗ್ರಾಂ ಪ್ಯಾಕ್ ಕೂಡ ಮಾಡಿ, ಎರಡು ಅಂಗಡಿಯಲ್ಲಿ ಇಟ್ಟು ನೋಡಿ. ಬೆಲೆ ಮುಟ್ಟಬೇಡಿ. ಅದಕ್ಕೂ ಮೊದಲು ನಿಮ್ಮನ್ನು ಬಿಡದೇ ಇರುವವರನ್ನು ಕೇಳಿ, ಬೆಳಿಗ್ಗೆ ಕಲಸೋರು ಯಾರು ಅಂತ. ನನ್ನ ಓದು ಸರಿ ಇದ್ದರೆ ಅಲ್ಲಿ ಇನ್ನೂ ಅದೇ ಹಳೇ ಕೈ ಇರಬೇಕು.

ರಾಗಿಮನೆ_ತುಮಕೂರು:
ಕೇಳಿದೆ. ಹೆಚ್ಚಿನ ಮನೆಯಲ್ಲಿ ಅಜ್ಜಿನೋ ಅಮ್ಮನೋ. ಆದರೆ ಕ್ಯಾತ್ಸಂದ್ರದ ಒಂದು ಮನೆಯಲ್ಲಿ ಅಪ್ಪನೇ ಕಲಸುವುದು, ನೇರ ಬಿಸಿ ಹಾಲಿಗೆ. ಗಂಟು ಆಗುತ್ತೆ ಅಂತಾನೂ ಹೇಳಿದರು. ಆದರೂ ನಮ್ಮದೇ ತರುತ್ತಾರೆ.

ಹಳೇ_ಸೇಲ್ಸ್‌ಮ್ಯಾನ್:
ಇದು ನನ್ನ ಲೆಕ್ಕಕ್ಕೆ ಕೂರ್ತಾ ಇಲ್ಲ. ಮಿಕ್ಸಿಗೆ ಹಾಕ್ತಾರಾ? ಕುಡಿಯೋದು ಮಗುನಾ, ಅಥವಾ ಮನೆಯಲ್ಲಿ ಶುಗರ್ ಇರೋ ದೊಡ್ಡವರಾ? ದೊಡ್ಡವರಾದರೆ ಅದು ಬೇರೆಯೇ ಕೆಲಸ, ಅಲ್ಲಿ ಗಂಟಿಗಿಂತ ಸಕ್ಕರೆ ಇಲ್ಲದ್ದೇ ಮುಖ್ಯ. ಹಾಗಂತ ಈಗಲೇ ಬರೆದುಕೊಳ್ಳಬೇಡಿ, ಊಹೆ ಅಷ್ಟೇ.

ರಾಗಿಮನೆ_ತುಮಕೂರು:
ಭಾನುವಾರ ಅಕ್ಕ ಅಲ್ಲಿಗೆ ಹೋಗ್ತಾಳೆ. ಪಾಲುದಾರರು 15 ರೂಪಾಯಿ ವಿಷಯ ಇನ್ನೂ ಬಿಟ್ಟಿಲ್ಲ, ತಿಂಗಳ ಕೊನೆವರೆಗೆ ತಡೆದಿದ್ದಾರೆ.