ಅಪ್ಪನ ಸಿಟಿ 34, ನನ್ನದು 18: ಯಾರದು ಹೆಚ್ಚು?

ಪ್ರಶ್ನೆ (ಹಾಸನದಿಂದ): ಅಪ್ಪನಿಗೆ ಜ್ವರ ಬಂದು ಎಂಟು ದಿನ, ನನಗೆ ಎರಡು ದಿನ. ಕೋವಿಡ್ ಆರ್‌ಟಿ-ಪಿಸಿಆರ್‌ನಲ್ಲಿ ಇಬ್ಬರೂ ಪಾಸಿಟಿವ್. ಅಪ್ಪನ ಸಿಟಿ ಮೌಲ್ಯ 34, ನನ್ನದು 18. ಆದರೆ ಮನೆಯ ರ‍್ಯಾಪಿಡ್ ಕಿಟ್‌ನಲ್ಲಿ ನನಗೆ ಎರಡು ಗೆರೆ, ಅಪ್ಪನಿಗೆ ಒಂದೇ. ಅಪ್ಪನದು ಹೆಚ್ಚು ಗಂಭೀರವೇ? ಯಾವುದನ್ನು ನಂಬಲಿ?

ಲ್ಯಾಬ್‌ನಲ್ಲಿ ಕೆಲಸ ಮಾಡುವ ಸೂಕ್ಷ್ಮಜೀವಿ ತಜ್ಞೆ: ಎರಡನ್ನೂ ನಂಬಬಹುದು, ಅವು ಜಗಳವಾಡುತ್ತಿಲ್ಲ. ಸಿಟಿ ಎಂದರೆ ವೈರಸ್‌ನ ಎಣಿಕೆಯಲ್ಲ, ವೈರಸ್ ಕಣ್ಣಿಗೆ ಬೀಳುವವರೆಗೆ ಯಂತ್ರ ಎಷ್ಟು ಸುತ್ತು ಓಡಬೇಕಾಯಿತು ಎಂಬ ಲೆಕ್ಕ. ಹಾಲಿಗೆ ಹೆಪ್ಪು ಹಾಕುವುದನ್ನು ನೆನೆಯಿರಿ. ಒಂದು ಚಮಚ ಹಾಕಿದರೆ ಮೊಸರು ಬೇಗ ಕಟ್ಟುತ್ತದೆ, ಒಂದು ಹನಿ ಹಾಕಿದರೆ ತಡವಾಗುತ್ತದೆ. ಕಟ್ಟಿದ ಹೊತ್ತನ್ನು ನೋಡಿ ಹೆಪ್ಪಿನ ಅಳತೆ ಊಹಿಸಬಹುದಲ್ಲ, ಸಿಟಿಯೂ ಹಾಗೆಯೇ.

ಕೊರೊನಾ ವೈರಸ್‌ನ ಒಳಗಿರುವುದು ಆರ್‌ಎನ್‌ಎ. ಮೊದಲು ಅದನ್ನು ಒಂದು ಕಿಣ್ವದಿಂದ ಡಿಎನ್‌ಎ ಆಗಿ ಬರೆಸುತ್ತೇವೆ. ಆಮೇಲೆ ಸುಮಾರು 95 ಡಿಗ್ರಿಗೆ ಕಾಯಿಸಿದರೆ ಡಿಎನ್‌ಎಯ ಎರಡು ಎಳೆಗಳು ಬಿಡಿಸಿಕೊಳ್ಳುತ್ತವೆ. 60 ಡಿಗ್ರಿಯ ಆಸುಪಾಸಿಗೆ ತಣಿಸಿದಾಗ, ಈ ವೈರಸ್‌ಗೇ ಹೊಂದುವಂತೆ ಮಾಡಿಟ್ಟ ಪುಟ್ಟ ಡಿಎನ್‌ಎ ತುಣುಕುಗಳಾದ ಪ್ರೈಮರ್‌ಗಳು ತಮ್ಮ ಜಾಗ ಹುಡುಕಿ ಅಂಟಿಕೊಳ್ಳುತ್ತವೆ, ಇನ್ನೊಂದು ಕಿಣ್ವ ಅಲ್ಲಿಂದ ಪ್ರತಿ ಬರೆಯುತ್ತದೆ. ಒಂದು ಸುತ್ತಿಗೆ ಒಂದು ಎರಡಾಗುತ್ತದೆ. ಪ್ರತಿ ಬರೆದಾಗಲೆಲ್ಲ ಒಂದು ಬಣ್ಣದ ಗುರುತು ಬೆಳಗುತ್ತದೆ. ಆ ಬೆಳಕು ನಿಗದಿಯಾದ ಗೆರೆಯನ್ನು ದಾಟಿದ ಸುತ್ತೇ ಸಿಟಿ.

ನಿಮ್ಮಿಬ್ಬರ ನಡುವೆ 16 ಸುತ್ತು. ಹದಿನಾರು ಎರಡುಗಳನ್ನು ಒಂದಕ್ಕೊಂದು ಗುಣಿಸಿದರೆ 65,536. ಅಂದರೆ ನಿಮ್ಮ ಮಾದರಿಯಲ್ಲಿ ಅಪ್ಪನದಕ್ಕಿಂತ ಸುಮಾರು ಅಷ್ಟು ಪಟ್ಟು ಹೆಚ್ಚು ಆರ್‌ಎನ್‌ಎ ಇತ್ತು. ಮನೆಯ ಕಿಟ್‌ನಲ್ಲಿ ಈ ದ್ವಿಗುಣವಿಲ್ಲ. ಮೂಗಿನ ದ್ರವದಲ್ಲಿರುವ ವೈರಸ್ ಪ್ರೋಟೀನನ್ನು ಪ್ರತಿಕಾಯಗಳು ಪಟ್ಟಿಯ ಮೇಲೆ ಹಿಡಿದು ನಿಲ್ಲಿಸಬೇಕು, ಗೆರೆ ಕಣ್ಣಿಗೆ ಕಾಣುವಷ್ಟು ಸಿಗಬೇಕು. ನಿಮ್ಮಲ್ಲಿ ಸಿಕ್ಕಿತು, ಅಪ್ಪನಲ್ಲಿ ಸಾಲಲಿಲ್ಲ.

ಗಂಭೀರತೆ ಬೇರೆ ವಿಷಯ. ಅಪ್ಪನ ಆಮ್ಲಜನಕದ ಮಟ್ಟ ಮತ್ತು ಉಸಿರಾಟವನ್ನು ನೋಡಿ, 34ನ್ನಲ್ಲ.

ಔಷಧಿ ಅಂಗಡಿಯವರು: ಇಷ್ಟು ಉದ್ದ ಏಕೆ ಮೇಡಂ? 24 ದಾಟಿದರೆ ನೆಗೆಟಿವ್ ಎಂದೇ ಲೆಕ್ಕ. 34 ಎಂದರೆ ಸತ್ತ ವೈರಸ್, ಹರಡುವುದಿಲ್ಲ.

ತಜ್ಞೆ: ಅರ್ಧ ಸರಿ. ಮಿತಿಯನ್ನು 24ಕ್ಕೆ ಇಳಿಸುವ ಮಾತು 2021ರಲ್ಲಿ ಬಂದಿತ್ತು. ಐಸಿಎಂಆರ್ ಒಪ್ಪದೆ 35ನ್ನೇ ಉಳಿಸಿತು. ಸಿಟಿ ಹೆಚ್ಚಿದ್ದಾಗ ಪ್ರಯೋಗಾಲಯದಲ್ಲಿ ಜೀವಂತ ವೈರಸ್ ಬೆಳೆಯುವುದು ಅಪರೂಪ ಎನ್ನುವುದು ನಿಜ, ಗುಣವಾದವರ ಮೂಗಿನಲ್ಲೂ ಆರ್‌ಎನ್‌ಎಯ ಚೂರುಗಳು ವಾರಗಟ್ಟಲೆ ಉಳಿಯುತ್ತವೆ. ಆದರೆ ಸೋಂಕಿನ ಮೊದಲ ದಿನವೂ 34 ಬರಬಹುದು, ಎರಡು ದಿನ ಕಳೆದರೆ ಅದೇ 20 ಆಗಬಹುದು. ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ಒಂದೇ ಸಂಖ್ಯೆ ಹೇಳುವುದಿಲ್ಲ. ಇಲ್ಲಿ ಎಂಟನೆಯ ದಿನವಾದ್ದರಿಂದ ಇಳಿಯುತ್ತಿದೆ ಎಂದು ನನ್ನ ಊಹೆ.

ತುಮಕೂರಿನ ಗೃಹಿಣಿ: ನನ್ನ ಮಗನಿಗೂ ಡೆಂಗಿ ಕಾರ್ಡ್‌ನಲ್ಲಿ ಎನ್‌ಎಸ್1 ನೆಗೆಟಿವ್ ಬಂತು. ಅದಕ್ಕೂ ಸಿಟಿ ಕೇಳಬೇಕೇ ಅಮ್ಮ?

ತಜ್ಞೆ: ಬೇಡಮ್ಮ, ಆ ಕಾರ್ಡ್‌ನಲ್ಲಿ ಸಿಟಿ ಇರುವುದಿಲ್ಲ, ಅದೂ ಪ್ರೋಟೀನ್ ಹುಡುಕುವ ಪರೀಕ್ಷೆಯೇ. ಜ್ವರದ ಮೊದಲ ದಿನಗಳಲ್ಲಿ ಅದು ಚೆನ್ನಾಗಿ ಸಿಗುತ್ತದೆ. ಐದಾರು ದಿನ ಕಳೆದಿದ್ದರೆ ಪ್ರತಿಕಾಯ ಹುಡುಕುವ ಐಜಿಎಂ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ.

ನಿವೃತ್ತ ಶಿಕ್ಷಕರು: ನನ್ನ ಮೂಗಿನ ತುದಿಗೆ ಕಡ್ಡಿ ಸೋಕಿಸಿ ಕಳುಹಿಸಿದರು, ನೆಗೆಟಿವ್ ಬಂತು. ಎರಡು ದಿನದ ನಂತರ ಬೇರೆ ಕಡೆ ಪಾಸಿಟಿವ್. ಮಾದರಿಯೇ ಸರಿಯಿಲ್ಲ ಎಂದು ಯಂತ್ರಕ್ಕೆ ತಿಳಿಯುವುದಿಲ್ಲವೇ?

ತಜ್ಞೆ: ಸ್ವಲ್ಪ ತಿಳಿಯುತ್ತದೆ ಸರ್. ಅನೇಕ ಆರ್‌ಟಿ-ಪಿಸಿಆರ್ ಕಿಟ್‌ಗಳು ವೈರಸ್ ಜೊತೆಗೆ ನಮ್ಮದೇ ದೇಹದ ಒಂದು ಜೀನನ್ನೂ ಹುಡುಕುತ್ತವೆ. ಅದೂ ಬರದಿದ್ದರೆ ಮಾದರಿ ಅಸಿಂಧು. ಆದರೆ ಮೂಗಿನ ತುದಿಯಲ್ಲೂ ನಮ್ಮ ಜೀವಕೋಶಗಳಿರುತ್ತವಲ್ಲ, ಆದ್ದರಿಂದ ಕಡ್ಡಿ ಒಳಗೆ ಹೋಗಿತ್ತೇ ಎಂಬುದು ಇದರಿಂದ ಗೊತ್ತಾಗುವುದಿಲ್ಲ. ಜೊತೆಗೆ ಆ ಎರಡು ದಿನಗಳಲ್ಲಿ ವೈರಸ್ ಬೆಳೆದಿರಲೂಬಹುದು.

ಪ್ರಶ್ನೆ ಕೇಳಿದವರು: ಅಪ್ಪನ ಆಮ್ಲಜನಕ 97 ಇದೆ. ಈಗ ವರದಿಗಳನ್ನು ಮತ್ತೆ ತೆಗೆದು ನೋಡಿದೆ. ಇಬ್ಬರದೂ ಬೇರೆ ಬೇರೆ ಲ್ಯಾಬ್. ಅಪ್ಪನದರಲ್ಲಿ ಎನ್ ಜೀನ್ 34, ಒಆರ್‌ಎಫ್ ಜೀನ್ ಎದುರು ಖಾಲಿ.

ತಜ್ಞೆ: ಹಾಗಿದ್ದರೆ ನನ್ನ 65,536ನ್ನು ಹಿಂದೆ ತೆಗೆದುಕೊಳ್ಳುತ್ತೇನೆ. ಕಿಟ್ ಬದಲಾದರೆ ಬೆಳಕಿನ ಗೆರೆಯೂ ಬದಲಾಗುತ್ತದೆ, ಒಂದೇ ಮಾದರಿಗೆ ಎರಡು ಲ್ಯಾಬ್‌ಗಳಲ್ಲಿ ಎರಡು ಸಿಟಿ ಬರಬಹುದು. ನಿಮ್ಮಲ್ಲಿ ಹೆಚ್ಚು, ಅಪ್ಪನಲ್ಲಿ ಕಡಿಮೆ ಎನ್ನುವಷ್ಟು ಮಾತ್ರ ನಿಲ್ಲುತ್ತದೆ. ಆರ್‌ಎನ್‌ಎ ಅಷ್ಟು ಕಡಿಮೆಯಾದಾಗ ವೈರಸ್‌ನ ಒಂದು ಜೀನ್ ಸಿಕ್ಕಿ ಇನ್ನೊಂದು ತಪ್ಪಿಹೋಗುವುದು ಸಾಮಾನ್ಯ. ಒಂದೇ ಜೀನ್ ಬಂದರೆ ಪಾಸಿಟಿವ್ ಎನ್ನಬೇಕೇ, ಮತ್ತೆ ಮಾಡಬೇಕೇ ಎಂಬುದು ಕಿಟ್‌ನ ಕೈಪಿಡಿಯಲ್ಲಿರುತ್ತದೆ. ಯಾವ ಕಿಟ್?

ಪ್ರಶ್ನೆ ಕೇಳಿದವರು: ವರದಿಯಲ್ಲಿ ಕಿಟ್‌ನ ಹೆಸರೇ ಇಲ್ಲ. ನಾಳೆ ಲ್ಯಾಬ್‌ಗೆ ಫೋನ್ ಮಾಡಿ ಕೇಳುತ್ತೇನೆ.